ಬೋನಸ್ಸೋ ಸಂಬಳವೋ: ಅಪ್ಪನ ಕೈಸಾಲ ಕಲಿಸಿದ ಲೆಕ್ಕ

ಪ್ರಶ್ನೆ: ಪದವಿ ಮುಗಿದಿದೆ, ಎರಡು ಕಡೆ ಕೆಲಸ ಸಿಕ್ಕಿದೆ. ಒಬ್ಬರು ಸೇರುವಾಗಲೇ ಬೋನಸ್ ಕೊಡುತ್ತಾರೆ, ಇನ್ನೊಬ್ಬರು ತಿಂಗಳ ಸಂಬಳ ಜಾಸ್ತಿ ಕೊಡುತ್ತಾರೆ. ಎರಡನ್ನೂ ಹೋಲಿಸುವುದು ಹೇಗೆ?

ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ನಾನು ಪದವಿ ಮುಗಿಸಿದ ವರ್ಷ ನನಗೂ ಹೀಗೇ ಎರಡು ಪತ್ರಗಳು ಬಂದವು, ಎರಡೂ ಬೆಂಗಳೂರಿನ ಕೆಲಸ. ಒಂದರಲ್ಲಿ ತಿಂಗಳಿಗೆ 30,000 ರೂಪಾಯಿ, ಜೊತೆಗೆ ಸೇರುವ ದಿನವೇ ಒಂದೂವರೆ ಲಕ್ಷ ಬೋನಸ್. ಇನ್ನೊಂದರಲ್ಲಿ ಬೋನಸ್ ಇಲ್ಲ, ಸಂಬಳ 35,000.

ವ್ಯತ್ಯಾಸ ತಿಂಗಳಿಗೆ ಐದು ಸಾವಿರ. ಒಂದೂವರೆ ಲಕ್ಷವನ್ನು ಅದರಿಂದ ಭಾಗಿಸಿದರೆ ಮೂವತ್ತು ತಿಂಗಳು. ಎರಡೂವರೆ ವರ್ಷ ದಾಟಿ ದುಡಿಯುವುದಾದರೆ ಸಂಬಳವೇ ಲಾಭ ಎಂದು ಗೆಳೆಯರೆಲ್ಲ ಹೇಳಿದರು. ನನಗೆ ಮಾತ್ರ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೆನಪಾಯಿತು. ಅದರಲ್ಲಿ ಪ್ರತಿ ತಿಂಗಳ ಐದನೆಯ ತಾರೀಖಿಗೆ ಅಪ್ಪ ಕೆಂಪು ಪೆನ್ನಿನಿಂದ ಸುತ್ತು ಹಾಕಿರುತ್ತಿದ್ದರು. ಭಟ್ಟಿ ದುರಸ್ತಿಗೆಂದು ತಂದ ಒಂದೂವರೆ ಲಕ್ಷದ ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿಯಂತೆ ಮೂರು ಸಾವಿರ ಬಡ್ಡಿ ಕಟ್ಟುವ ದಿನ ಅದು.

ಮೂವತ್ತು ತಿಂಗಳ ನಂತರ ಬರುವ ಐದು ಸಾವಿರ ಇಂದಿನ ಐದು ಸಾವಿರಕ್ಕೆ ಸಮವಲ್ಲ. ಅಷ್ಟು ದಿನ ಕಾಯುವಾಗ ಮನೆಯ ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ತಿಂಗಳಿಗೆ ಎರಡರ ಬಡ್ಡಿಯಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಐದು ಸಾವಿರದ ಇಂದಿನ ಬೆಲೆ ಸುಮಾರು 2,760 ರೂಪಾಯಿ ಮಾತ್ರ. ಹೀಗೆ ಪ್ರತಿ ತಿಂಗಳ ಹೆಚ್ಚುವರಿ ಸಂಬಳವನ್ನೂ ಇಂದಿನ ಬೆಲೆಗೆ ಇಳಿಸಿ ಕೂಡಬೇಕು. ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=PV(2%,36,-5000)
```

ಉತ್ತರ 1,27,444. ಮೂರು ವರ್ಷ ದುಡಿದರೂ ಹೆಚ್ಚುವರಿ ಸಂಬಳ ಬೋನಸ್ಸಿನ ಸಮಕ್ಕೆ ಬರಲಿಲ್ಲ. ಸಮವಾಗಲು 47 ತಿಂಗಳು ಬೇಕು. ಅಪ್ಪನೂ ಅದನ್ನೇ ಹೇಳಿದರು: "ಮೊದಲು ಸಾಲ ತೀರಲಿ, ಬೋನಸ್ ಕೊಡುವ ಕಡೆಗೇ ಹೋಗು." ನಾನೂ ಬಹುತೇಕ ಒಪ್ಪಿದ್ದೆ.

ಲೆಕ್ಕದ ತಪ್ಪನ್ನು ಹಿಡಿದವರು ಅಮ್ಮ. ಒಲೆಯ ಮುಂದೆ ನಿಂತೇ ಕೇಳಿದರು: "ಎರಡು ರೂಪಾಯಿ ಬಡ್ಡಿ ಕಟ್ಟಲೇಬೇಕು ಎಂದು ಯಾರು ಹೇಳಿದರು? ನನ್ನ ಸರ, ಬಳೆ ಬ್ಯಾಂಕಿನಲ್ಲಿಟ್ಟು ಆ ಸಾಲ ಮುಗಿಸಿ." ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ನಮಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯ ಆಸುಪಾಸು ಬೀಳುತ್ತಿತ್ತು. ನಾನು ಮನೆಯಲ್ಲಿದ್ದ ಅತಿ ದುಬಾರಿ ಬಡ್ಡಿಯಿಂದ ಲೆಕ್ಕ ಹಾಕಿದ್ದೆ. ಹಾಕಬೇಕಾದದ್ದು ನಮಗೆ ಸಿಗಬಹುದಾದ ಅತಿ ಅಗ್ಗದ ಸಾಲದ ಬಡ್ಡಿಯಿಂದ. ಸಾಲ ತೀರಿಸಲು ಬೋನಸ್ಸೇ ಬೇಕೆಂದಿರಲಿಲ್ಲ, ಬೇರೆ ದಾರಿಯೂ ಇತ್ತು. ಎರಡರ ಜಾಗದಲ್ಲಿ ಒಂದು ಹಾಕಿದಾಗ ಅದೇ ಸಾಲು 1,50,538 ತೋರಿಸಿತು. ಮೂರು ವರ್ಷಕ್ಕೆ ತಕ್ಕಡಿ ಸಮವಾಯಿತು.

ಆಮೇಲೆ ವಾರ್ಷಿಕ ಏರಿಕೆಯತ್ತ ನೋಡಿದೆ. ಏರಿಕೆ ಶೇಕಡಾವಾರು ಸಿಗುವುದು ಸಂಬಳದ ಮೇಲೆ, ಬೋನಸ್ ಆ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ವರ್ಷಕ್ಕೆ ಶೇಕಡಾ 8 ಏರಿದರೆ ಐದು ಸಾವಿರದ ಅಂತರ ಎರಡನೆಯ ವರ್ಷ 5,400 ಆಗುತ್ತದೆ, ಮೂರನೆಯ ವರ್ಷ 5,832. ಆಗ 34ನೆಯ ತಿಂಗಳಿಗೇ ಸಂಬಳ ಮುಂದಾಗುತ್ತದೆ. ಆದರೆ ಏರಿಕೆಯನ್ನು ಯಾರೂ ಬರೆದುಕೊಡುವುದಿಲ್ಲ, ಹಾಗಾಗಿ ಅದನ್ನು ನಂಬಿ ನಾನು ನಿರ್ಧರಿಸಲಿಲ್ಲ.

ನನ್ನ ಮನಸ್ಸು ಗಟ್ಟಿಯಾದದ್ದು ಬೋನಸ್ ಪತ್ರದ ಮೂರನೆಯ ಪುಟದಲ್ಲಿ. ಹದಿನೆಂಟು ತಿಂಗಳೊಳಗೆ ಕೆಲಸ ಬಿಟ್ಟರೆ ಪೂರ್ತಿ ಬೋನಸ್ ವಾಪಸ್ ಕೊಡಬೇಕು ಎಂದಿತ್ತು. ಅಷ್ಟು ದಿನ ಅದು ಬಡ್ಡಿಯಿಲ್ಲದ ಸಾಲವೇ ಹೊರತು ನನ್ನ ಹಣವಲ್ಲ. ಅದನ್ನು ಕೈಸಾಲಕ್ಕೆ ಕಟ್ಟಿಬಿಟ್ಟರೆ, ಕೆಲಸ ಒಗ್ಗದೆ ಹತ್ತನೆಯ ತಿಂಗಳು ಬಿಡಬೇಕೆನಿಸಿದಾಗ ಒಂದೂವರೆ ಲಕ್ಷ ಎಲ್ಲಿಂದ ತರುವುದು? ನಿಮ್ಮ ಪತ್ರದಲ್ಲಿ ಈ ಷರತ್ತನ್ನು ಹುಡುಕಿ. ವಾಪಸ್ ಕೊಡುವುದು ಪೂರ್ತಿ ಮೊತ್ತವೋ, ದುಡಿದ ತಿಂಗಳು ಕಳೆದು ಉಳಿದದ್ದೋ, ತೆರಿಗೆ ಹಿಡಿಯುವ ಮೊದಲಿನ ಮೊತ್ತವೋ ನಂತರದ್ದೋ ಎಂದು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ.

ಹಾಗೆಂದು ಸಂಬಳವೇ ಯಾವಾಗಲೂ ಮೇಲು ಎನ್ನುತ್ತಿಲ್ಲ. ಅಡವಿಡಲು ಚಿನ್ನವಿಲ್ಲದ, ಬ್ಯಾಂಕು ಸಾಲ ಕೊಡದ ಮನೆಯಾಗಿದ್ದರೆ ಎರಡರ ಬಡ್ಡಿಯೇ ನಮ್ಮ ನಿಜವಾದ ಬಡ್ಡಿಯಾಗುತ್ತಿತ್ತು, ಆಗ ಅಪ್ಪನ ಮಾತೇ ಸರಿ. ಎರಡು ವರ್ಷ ದುಡಿದು ಉನ್ನತ ಓದಿಗೆ ಹೊರಡುವವರಿಗೂ ಬೋನಸ್ಸೇ ಲಾಭ.

ನಾನು 35,000ದ ಕೆಲಸಕ್ಕೆ ಸೇರಿದೆ. ಚಿನ್ನದ ಸಾಲದಿಂದ ಕೈಸಾಲ ಒಂದೇ ದಿನದಲ್ಲಿ ಮುಗಿಯಿತು. ಹೆಚ್ಚುವರಿ ಐದು ಸಾವಿರವನ್ನು ತಿಂಗಳು ತಪ್ಪದೆ ಬ್ಯಾಂಕಿಗೆ ಕಟ್ಟಿ, ವರ್ಷಕ್ಕೊಮ್ಮೆ ಸಾಲ ನವೀಕರಿಸುತ್ತಾ ಬಂದೆ. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಸಾಲ ತೀರಿತು. ಸರವನ್ನು ಬಿಡಿಸಿ ತಂದ ದಿನ ಅಮ್ಮ ಅದನ್ನು ಕಪಾಟಿನಲ್ಲಿಡದೆ ಸಂಜೆಯವರೆಗೂ ಕೊರಳಲ್ಲೇ ಹಾಕಿಕೊಂಡಿದ್ದರು.