ಒಂದು ದಿನದ ವ್ಯತ್ಯಾಸಕ್ಕೆ 25568 ಮದ್ದಲ್ಲ

ಪ್ರಶ್ನೆ: ಮಂಡ್ಯದ ಹಳ್ಳಿಯೊಂದರ ಡೈರಿ ಲೆಕ್ಕ. ಸೆಕ್ರೆಟರಿಯ ಎಕ್ಸೆಲ್‌ನಲ್ಲಿ ದಿನ 45306, ಹಾಲು ತೂಗುವ ಮೆಷಿನ್ನಿನ ಫೈಲಲ್ಲಿ 1970ರ ಜನವರಿ 1ರಿಂದ ಎಣಿಸಿದ ಯೂನಿಕ್ಸ್ ದಿನ. 25569 ಕೂಡಿದರೂ ಕೆಲವು ಸಾಲು ಒಂದು ದಿನ ಹಿಂದೆ ಬೀಳ್ತಿವೆ. 25570 ಕೂಡಲಾ, ಇಲ್ಲಾ 25568 ಸರಿನಾ?

ಎರಡೂ ಬೇಡ. ಇದೇ ಲೆಕ್ಕದಲ್ಲಿ ನಾನೂ ಒಂದು ಕೂಡಿ ಕೆಟ್ಟಿದ್ದೇನೆ. 25569 ಸರಿಯಾಗೇ ಇದೆ. 1900ರ ಜನವರಿ 1ರಿಂದ 1970ರ ಜನವರಿ 1ಕ್ಕೆ 25567 ದಿನ. ಎಕ್ಸೆಲ್ ಮೊದಲ ದಿನವನ್ನು ಸೊನ್ನೆ ಅನ್ನದೆ ಒಂದು ಅಂತ ಎಣಿಸುತ್ತೆ, ಅದರ ಮೇಲೆ ಇಲ್ಲದ 1900ರ ಫೆಬ್ರವರಿ 29ನ್ನೂ ಸೇರಿಸಿಕೊಳ್ಳುತ್ತೆ. ಹಾಗಾಗಿ ಎರಡು ಹೆಚ್ಚು. (ಆ ಸುಳ್ಳು ದಿನ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಲೋಟಸ್ 1-2-3 ಜೊತೆ ಹೊಂದಲಿ ಅಂತ ಉಳಿದುಕೊಂಡದ್ದು.)

ಸಂಖ್ಯೆ ತಪ್ಪಿದ್ದರೆ ಎಲ್ಲ ಸಾಲೂ ಜಾರಬೇಕಿತ್ತು. ನಿಮ್ಮಲ್ಲಿ ಕೆಲವೇ ಜಾರಿವೆ. ಆ ಸಾಲುಗಳ ಹೊತ್ತು ನೋಡಿ: ಹೊತ್ತಾರೆ ಐದೂವರೆಗೆ ಮುಂಚೆ ಹಾಕಿದ ಹಾಲೇ ಇರುತ್ತೆ. ಮೆಷಿನ್ ಸೆಕೆಂಡುಗಳನ್ನು ಯುಟಿಸಿಯಲ್ಲಿ ಎಣಿಸುತ್ತೆ, ಸೆಕ್ರೆಟರಿ ಬರೆಯೋದು ನಮ್ಮ ಗಡಿಯಾರ ನೋಡಿ. ನಮ್ಮ 5:30 ಆದಾಗಲೇ ಅಲ್ಲಿ ಹೊಸ ದಿನ.

2024ರ ಜನವರಿ 15, ಬೆಳಿಗ್ಗೆ 5:12ರ ಹಾಲು ತಗೊಳ್ಳಿ. ಮೆಷಿನ್ನಿನ ಸಂಖ್ಯೆ 1705275720. ನೇರ 86400ರಿಂದ ಭಾಗಿಸಿದರೆ ಪೂರ್ಣಾಂಕ 19736, 25569 ಸೇರಿ 45305. ಅಂದರೆ 14ನೇ ತಾರೀಖು. ಮೊದಲು ಐದೂವರೆ ಗಂಟೆ, ಅಂದರೆ 19800 ಸೆಕೆಂಡ್, ಕೂಡಿ ಆಮೇಲೆ ಭಾಗಿಸಿದರೆ 19737, ಮೊತ್ತ 45306.

```
=INT((A2+19800)/86400)+25569
```

ನನ್ನ ತಪ್ಪು ಇದರ ಹಿಂದಿನ ಹೆಜ್ಜೆಯಲ್ಲಿತ್ತು. ಫೈಲ್ ಚಿಕ್ಕದಾಗಲಿ ಅಂತ ಸೆಕೆಂಡನ್ನು ದಿನಕ್ಕೆ ಇಳಿಸಿ, ಸೆಕೆಂಡಿನ ಕಾಲಂ ಅಳಿಸಿಬಿಟ್ಟೆ. 19736 ಅಂತ ಮಾತ್ರ ಉಳಿದಾಗ ಅದು 15ರ ಹೊತ್ತಾರೆ ಹಾಲೋ 14ರ ಸಂಜೆ ಹಾಲೋ ಹೇಳೋಕೆ ಆಗಲ್ಲ. ಎಲ್ಲಕ್ಕೂ ಒಂದು ಕೂಡಿದೆ. ಬೇಗ ಬಂದವರ ಹಾಲು ಸರಿಹೋಯ್ತು, 5:40ಕ್ಕೆ ಬಂದವರದ್ದೂ ಸಂಜೆಯದ್ದೂ ನಾಳೆಗೆ ಹೋಯ್ತು. ತಿಂಗಳ ಮೊತ್ತ ಹೆಚ್ಚುಕಡಿಮೆ ಕೂಡುತ್ತಿದ್ದರಿಂದ ಕಣ್ಣಿಗೇ ಬೀಳಲಿಲ್ಲ. ಬಟವಾಡೆಯ ಅವಧಿ ಮುಗಿಯುವ ದಿನದ ಹಾಲು ಮುಂದಿನ ಬಿಲ್ಲಿಗೆ ಸೇರಿದಾಗ ರೈತರೇ ಕೇಳಿದರು.

ನಿಮ್ಮ ಫೈಲಲ್ಲೂ ದಿನ ಮಾತ್ರ ಇದ್ದರೆ ಫಾರ್ಮುಲಾ ಹುಡುಕಬೇಡಿ, ಮೆಷಿನ್ನಿಂದ ಸೆಕೆಂಡ್ ಇರುವ ಫೈಲ್ ಮತ್ತೆ ತೆಗೆಸಿ. ಎಕ್ಸೆಲ್ ಕಡೆ ತಾರೀಖಿನ ಜೊತೆ ಸಮಯವೂ ಇದ್ದರೆ 45306.2167 ತರಹದ ದಶಮಾಂಶ ಇರುತ್ತೆ, ಹೊಂದಿಸುವ ಮೊದಲು ಅದಕ್ಕೂ `INT` ಹಾಕಿ. ಇನ್ನು ಎಲ್ಲ ಸಾಲೂ ಸರಿಯಾಗಿ 1462 ದಿನ ದೂರ ಇದ್ದರೆ ಅದು ಬೇರೆ ರೋಗ: ಶೀಟು 1904ರ ದಿನಾಂಕ ಪದ್ಧತಿಯಲ್ಲಿದೆ, ಹಳೆಯ ಮ್ಯಾಕ್‌ನಲ್ಲಿ ಹುಟ್ಟಿದ ಫೈಲುಗಳು ಹೀಗಿರುತ್ತವೆ. ಅಲ್ಲಿ 25569 ಬದಲು 24107.