ರಾಜೀನಾಮೆ ಪತ್ರದಲ್ಲಿ ಮ್ಯಾನೇಜರ್ ಬಗ್ಗೆ ಬರೆಯಬೇಕಾ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊಸ ಮ್ಯಾನೇಜರ್ ಬಂದ ಮೇಲೆ ಎಲ್ಲರೆದುರು ಬೈಯುವುದು, ಕೇಳಿದ ರಜೆ ಕೊಡದಿರುವುದು ನಡೆದೇ ಇದೆ. ಬೇರೆ ಕೆಲಸ ಸಿಕ್ಕಿದೆ. ರಾಜೀನಾಮೆ ಪತ್ರಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಮ್ಯಾನೇಜರ್ ಅವರ ನಿರಂತರ ಕಿರುಕುಳದಿಂದ ಬೇಸತ್ತು, ಬೇರೆ ದಾರಿಯಿಲ್ಲದೆ ರಾಜೀನಾಮೆ ನೀಡುತ್ತಿದ್ದೇನೆ. ಇಂಥ ವಾತಾವರಣದಲ್ಲಿ ಕೆಲಸ ಮಾಡುವುದು ಯಾರಿಗೂ ಸಾಧ್ಯವಿಲ್ಲ.’ ಗೆಳತಿ ‘ವೈಯಕ್ತಿಕ ಕಾರಣ ಅಂತ ಹಾಕು ಸಾಕು’ ಅನ್ನುತ್ತಾಳೆ. ಅದು ಸುಳ್ಳಾಗುವುದಿಲ್ಲವೇ? ಎರಡು ತಿಂಗಳ ನೋಟಿಸ್ ಇದೆ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೂ ಆ ಎರಡೂ ಸಾಲು ತೆಗೆಯಿರಿ. ನಿಮ್ಮ ಪತ್ರ ಮೊದಲು ಹೋಗುವುದೇ ಆ ಮ್ಯಾನೇಜರ್ ಕೈಗೆ. ನಿಮ್ಮನ್ನು ಯಾವತ್ತು ಬಿಡುಗಡೆ ಮಾಡಬೇಕು, ಕೆಲಸ ಯಾರಿಗೆ ಒಪ್ಪಿಸಬೇಕು, ಬಾಕಿ ರಜೆ ಏನು ಮಾಡಬೇಕು ಎನ್ನುವುದಕ್ಕೆ ಸಹಿ ಹಾಕುವವರೂ ಸಾಮಾನ್ಯವಾಗಿ ಅವರೇ. ಅದಾದ ಮೇಲೆ ಎರಡು ತಿಂಗಳು ನೀವು ಅವರ ಕೈಕೆಳಗೇ ಇರಬೇಕು. ಪತ್ರ ಮಾತ್ರ ನಿಮ್ಮ ಫೈಲಿನಲ್ಲಿ ಉಳಿದುಬಿಡುತ್ತದೆ. ಮುಂದೆ ಯಾವುದೋ ಕಂಪನಿ ನಿಮ್ಮ ಬಗ್ಗೆ ವಿಚಾರಿಸಿದಾಗ, ಆ ಫೈಲ್ ತೆರೆಯುವ ಎಚ್‌ಆರ್‌ ಸಿಬ್ಬಂದಿಗೆ ನೀವೂ ಗೊತ್ತಿರುವುದಿಲ್ಲ, ಆ ಮ್ಯಾನೇಜರೂ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಹಾಳೆಯ ಮೇಲಿನ ಮಾತು ಮಾತ್ರ.

‘ಕಿರುಕುಳ’ ಎನ್ನುವುದನ್ನೇ ನೋಡಿ. ಅದು ಒಂದು ಆರೋಪ. ಆರೋಪ ಅಂದರೆ ದಿನಾಂಕ ಬೇಕು, ಏನು ನಡೆಯಿತು ಅಂತ ಬೇಕು, ನೋಡಿದವರು ಬೇಕು. ಅದ್ಯಾವುದೂ ಇಲ್ಲದೆ ಒಂದು ಸಾಲಿನಲ್ಲಿ ಬರೆದರೆ ತನಿಖೆಗೂ ಸಾಲದು, ಮರೆಯುವುದಕ್ಕೂ ಆಗದು. ಮ್ಯಾನೇಜರ್‌ಗೆ ಅದಕ್ಕೆ ಉತ್ತರ ಕೊಡಲು ಎರಡು ತಿಂಗಳು ಸಿಗುತ್ತದೆ, ಮತ್ತು ಆ ಉತ್ತರ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕುವ ರೂಪದಲ್ಲೇ ಬರುವುದು ಜಾಸ್ತಿ. ‘ಯಾರಿಗೂ ಸಾಧ್ಯವಿಲ್ಲ’ ಎಂಬ ಸಾಲು ಇನ್ನೂ ತೊಂದರೆಯದು. ಅಲ್ಲೇ ಕೆಲಸ ಮಾಡುತ್ತಿರುವ ನಿಮ್ಮ ಸಹೋದ್ಯೋಗಿಗಳನ್ನೂ ಅದು ಜಗಳಕ್ಕೆ ಎಳೆಯುತ್ತದೆ.

ಇನ್ನು ಗೆಳತಿಯ ಸಲಹೆ. ‘ವೈಯಕ್ತಿಕ ಕಾರಣ’ ಎನ್ನುವುದು ತಪ್ಪಲ್ಲ, ಆದರೆ ಅದೂ ಬೇಕಿಲ್ಲ. ಬಹಳಷ್ಟು ಜನರಿಗೆ ಇದು ಗೊತ್ತಿರುವುದಿಲ್ಲ: ರಾಜೀನಾಮೆ ಪತ್ರದಲ್ಲಿ ಸಾಮಾನ್ಯವಾಗಿ ಕಾರಣ ಬರೆಯಲೇಬೇಕಿಲ್ಲ. ಕೆಲಸ ಬಿಡುತ್ತಿದ್ದೀರಿ, ಯಾವತ್ತು ಕೊನೆಯ ದಿನ, ಕೆಲಸ ಹೇಗೆ ಒಪ್ಪಿಸುತ್ತೀರಿ, ಇಷ್ಟಿದ್ದರೆ ಪತ್ರ ಪೂರ್ತಿ. ‘ಅಮ್ಮನಿಗೆ ಹುಷಾರಿಲ್ಲ’, ‘ಊರಿಗೆ ಹೋಗುತ್ತಿದ್ದೇನೆ’ ಅಂತೆಲ್ಲ ಕಥೆ ಮಾತ್ರ ಕಟ್ಟಬೇಡಿ. ಅದೇ ಊರಿನಲ್ಲಿ ಇನ್ನೊಂದು ಕಂಪನಿ ಸೇರಿದ್ದು ಗೊತ್ತಾಗದೆ ಇರುತ್ತದಾ? ಕಂಪನಿಯ ಪೋರ್ಟಲ್‌ನಲ್ಲಿ ಕಾರಣ ಆಯ್ಕೆ ಮಾಡಲೇಬೇಕಿದ್ದರೆ, ನಿಮಗೆ ಬೇರೆ ಕೆಲಸ ಸಿಕ್ಕಿರುವುದು ನಿಜವೇ ಆದ್ದರಿಂದ ಅದನ್ನೇ ಒತ್ತಿ.

ನಿಮ್ಮ ಪತ್ರವನ್ನು ನಾನಾದರೆ ಹೀಗೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಕೊಡುವುದಿದ್ದರೂ ಹೂರಣ ಇದೇ.

> ವಿಷಯ: ಅಕೌಂಟ್ಸ್ ವಿಭಾಗದ ಹುದ್ದೆಗೆ ರಾಜೀನಾಮೆ
>
> ಮಾನ್ಯರೇ,
>
> ಅಕೌಂಟ್ಸ್ ವಿಭಾಗದ ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಎರಡು ತಿಂಗಳ ನೋಟಿಸ್ ಅವಧಿ ಇಂದು, ನವೆಂಬರ್ 3ರಿಂದ ಆರಂಭವಾಗಿ, ಜನವರಿ 2 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ.
>
> ಮಾರಾಟಗಾರರ ಬಿಲ್‌, ಬ್ಯಾಂಕ್ ಹೊಂದಾಣಿಕೆ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸಗಳನ್ನು ನೀವು ಸೂಚಿಸಿದವರಿಗೆ ಈ ಅವಧಿಯಲ್ಲಿ ಒಪ್ಪಿಸುತ್ತೇನೆ. ಬಾಕಿ ಇರುವ ಕೆಲಸದ ಪಟ್ಟಿಯನ್ನು ಈ ವಾರವೇ ಕಳುಹಿಸುತ್ತೇನೆ.
>
> ನಾಲ್ಕು ವರ್ಷಗಳಲ್ಲಿ ಈ ವಿಭಾಗದಲ್ಲಿ ಕಲಿಯಲು ಸಿಕ್ಕ ಅವಕಾಶಕ್ಕೆ ಧನ್ಯವಾದಗಳು. ರಾಜೀನಾಮೆ ಅಂಗೀಕಾರ ಮತ್ತು ಬಿಡುಗಡೆ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.
>
> ಇತಿ,

ಧನ್ಯವಾದ ಹೇಳಿದ್ದು ವಿಭಾಗಕ್ಕೆ, ಮ್ಯಾನೇಜರ್‌ಗಲ್ಲ. ನಾಲ್ಕು ವರ್ಷ ಕಲಿತದ್ದು ನಿಜ ತಾನೇ? ನಿಜವಿದ್ದಷ್ಟು ಹೇಳಿ, ಅಲ್ಲಿಗೆ ನಿಲ್ಲಿಸಿ. ಸಿಟ್ಟು ಮುಚ್ಚಲು ‘ತಮ್ಮ ಅಮೂಲ್ಯ ಮಾರ್ಗದರ್ಶನವನ್ನು ಎಂದೂ ಮರೆಯಲಾರೆ’ ಅಂತ ಬರೆಯಹೋದರೆ ಓದಿದವರಿಗೆ ಅದು ಚುಚ್ಚು ಮಾತಾಗಿ ಕೇಳುತ್ತದೆ. ಮುಂದೆಂದಾದರೂ ನೀವು ದೂರು ಕೊಟ್ಟರೆ, ಅದೇ ಸಾಲನ್ನು ನಿಮ್ಮ ಮುಂದೆ ಹಿಡಿಯುತ್ತಾರೆ.

ಸಿಟ್ಟು ಸಣ್ಣ ಸಣ್ಣ ಪದದಲ್ಲೂ ಅಡಗಿರುತ್ತದೆ. ‘ಅನಿವಾರ್ಯವಾಗಿ’, ‘ಕೊನೆಗೂ’, ‘ತಮಗೆ ತಿಳಿದಿರುವ ಕಾರಣಗಳಿಂದ’, ‘ಇಷ್ಟೆಲ್ಲ ಆದ ಮೇಲೂ’. ಇವು ಯಾರನ್ನೂ ಹೆಸರಿಸುವುದಿಲ್ಲ, ಆದರೆ ಬೆರಳು ತೋರಿಸುತ್ತವೆ. ಪತ್ರ ಬರೆದು ಒಂದು ರಾತ್ರಿ ಬಿಟ್ಟು ಬೆಳಗ್ಗೆ ಓದಿ. ಮ್ಯಾನೇಜರ್ ಯಾರೆಂದೇ ಗೊತ್ತಿಲ್ಲದ ಒಬ್ಬರಿಗೂ ತೋರಿಸಿ. ‘ಏನಾಯ್ತು ಅಲ್ಲಿ?’ ಅಂತ ಅವರು ಕೇಳಿದರೆ, ಅಂಥದ್ದೊಂದು ಪದ ಇನ್ನೂ ಉಳಿದಿದೆ ಅಂತ ಅರ್ಥ.

ಕಳಿಸುವುದರಲ್ಲೂ ಜೋಪಾನ. ಇಮೇಲ್ ಮಾಡುವುದಾದರೆ ಮ್ಯಾನೇಜರ್ ಜೊತೆಗೆ ಎಚ್‌ಆರ್‌ಗೂ ಅದೇ ಮೇಲ್‌ನಲ್ಲಿ ಪ್ರತಿ ಹೋಗಲಿ, ಇಲ್ಲದಿದ್ದರೆ ‘ನನಗೆ ಬಂದೇ ಇಲ್ಲ’ ಎನ್ನುವ ಮಾತಿಗೆ ಜಾಗವಾಗುತ್ತದೆ. ನಿಮ್ಮ ರಾಜೀನಾಮೆ ಪತ್ರದ ಒಂದು ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್ ವಿಳಾಸಕ್ಕೂ ಕಳಿಸಿಟ್ಟುಕೊಳ್ಳಿ, ಏಕೆಂದರೆ ಆಫೀಸ್ ಮೇಲ್ ಯಾವಾಗ ಬಂದ್ ಮಾಡುತ್ತಾರೋ ಹೇಳಲಾಗದು. ಕಾಗದದಲ್ಲಿ ಕೊಡುವುದಾದರೆ ಎರಡನೇ ಪ್ರತಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ನೋಟಿಸ್ ಎಂದು ಶುರುವಾಯಿತು ಎನ್ನುವುದಕ್ಕೆ ಸಾಕ್ಷಿ ಅದೇ. ಅದಕ್ಕೂ ಮೊದಲು ನೇಮಕಾತಿ ಪತ್ರ ತೆಗೆದು ನೋಡಿ. ಅಲ್ಲಿ ಎರಡು ತಿಂಗಳು ಅಂತಿದೆಯೋ, 60 ದಿನ ಅಂತಿದೆಯೋ ನೋಡಿ ದಿನಾಂಕ ಲೆಕ್ಕ ಹಾಕಿ. ರಜೆ ಹೊಂದಾಣಿಕೆ, ಬೇಗ ಬಿಡುಗಡೆಯ ಮಾತುಕತೆ ಈ ಪತ್ರದಲ್ಲಿ ಬೇಡ, ಬೇರೆ ಮೇಲ್‌ನಲ್ಲಿ ಕೇಳಿ.

ಹಾಗಾದರೆ ನಡೆದದ್ದನ್ನು ಹೇಳುವುದೇ ಬೇಡವೇ? ಖಂಡಿತ ಹೇಳಿ, ಆದರೆ ಎಚ್‌ಆರ್‌ ಮುಂದೆ, ಬೇರೆಯಾಗಿ. ಬಿಡುವ ಮುನ್ನ ಅವರು ಕರೆದು ಮಾತಾಡಿಸುತ್ತಾರಲ್ಲ, ಆಗ ಮೂರು ಘಟನೆ ಸಾಕು, ದಿನಾಂಕದ ಸಮೇತ. ‘ಅವರು ಕೆಟ್ಟವರು’ ಎನ್ನುವ ಬದಲು, ‘ಇಂಥ ದಿನ ತಿಂಗಳ ಲೆಕ್ಕದ ಮೀಟಿಂಗ್‌ನಲ್ಲಿ ಆರು ಜನರ ಎದುರು ಹೀಗೆಂದರು’ ಅಂತ ಹೇಳಿ. ಅದನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ರಿಲೀವಿಂಗ್ ಲೆಟರ್ ಮತ್ತು ಬಾಕಿ ಹಣ ಕೈಗೆ ಬಂದ ಮೇಲೆ ಬರೆದು ಕಳಿಸುತ್ತೇನೆ ಎಂದರೂ ಸರಿಯೇ.

ಆದರೆ ಮೂರು ಸಂದರ್ಭದಲ್ಲಿ ಈ ಸಲಹೆ ಹಿಡಿಯಬೇಡಿ. ರಾಜೀನಾಮೆ ಬರೆದುಕೊಡು ಅಂತ ಒತ್ತಾಯ ಮಾಡುತ್ತಿದ್ದರೆ, ಅಥವಾ ಸಂಬಳ ತಡೆಹಿಡಿದಿದ್ದರೆ, ‘ಸ್ವಇಚ್ಛೆಯಿಂದ’ ಎಂಬ ಪದಕ್ಕೆ ಸಹಿ ಹಾಕುವ ಮೊದಲು ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿ. ಮ್ಯಾನೇಜರ್ ವರ್ತನೆಯಲ್ಲಿ ಲೈಂಗಿಕ ಕಿರುಕುಳವಿದ್ದರೆ ಕಾಯಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅದಕ್ಕೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನೋಟಿಸ್‌ನಲ್ಲೇ ಎರಡು ತಿಂಗಳು ಹೋಗುವುದರಿಂದ, ಬಿಟ್ಟ ಮೇಲೆ ನೋಡೋಣ ಅಂದರೆ ಗಡುವು ದಾಟಿಬಿಡಬಹುದು.