ಹತ್ತು ನಿಮಿಷ ಅಳೆದರೂ ಗ್ರಾಫ್ ಯಾಕೆ ಮುಳ್ಳು ಮುಳ್ಳು?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರು ಎತ್ತುವ ಪಂಪು ಈಚೆಗೆ ಜಾಸ್ತಿ ನಡುಗುತ್ತದೆ. ಸೆನ್ಸರ್ ಇಟ್ಟು ಸೆಕೆಂಡಿಗೆ 1000 ಸಲದಂತೆ ಒಂದು ನಿಮಿಷ ಅಳೆದೆ. ಯಾವ ಆವರ್ತನದಲ್ಲಿ ನಡುಕ ಎಷ್ಟು ಜೋರು ಎಂದು ತೋರಿಸುವ ಪೀರಿಯಡೋಗ್ರಾಮ್ ತೆಗೆದರೆ ಪೂರಾ ಮುಳ್ಳು ಮುಳ್ಳು. 173 ಹರ್ಟ್ಜ್‌ನಲ್ಲಿ ಎದ್ದು ಕಂಡ ಮುಳ್ಳು ಮತ್ತೊಮ್ಮೆ ಅಳೆದಾಗ ಇರಲಿಲ್ಲ, 211ರಲ್ಲಿ ಬೇರೊಂದು ಬಂತು. ಹತ್ತು ನಿಮಿಷ ಅಳೆದರೂ ಅದೇ ಕಥೆ. ಗೆಳತಿ ಹೇಳಿದಳೆಂದು ಪೈಥಾನ್‌ನ `welch` ಹಾಕಿದೆ. ಗ್ರಾಫ್ ನುಣುಪಾಯಿತು, ಆದರೆ 100ರ ಹತ್ತಿರ ಒಂದೇ ದಪ್ಪ ಗುಡ್ಡೆ. ಯಾವುದನ್ನು ನಂಬಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕಾಸರಗೋಡು ಜಿಲ್ಲೆ

ಉತ್ತರ: ಈಗ ಇರುವ ರೂಪದಲ್ಲಿ ಎರಡನ್ನೂ ನಂಬಬೇಡಿ. ಮೊದಲನೆಯದು ಇಲ್ಲದ್ದನ್ನು ತೋರಿಸುತ್ತಿದೆ, ಎರಡನೆಯದು ಇರುವುದನ್ನು ಮುಚ್ಚುತ್ತಿದೆ. ನಿಮ್ಮ ಅಳತೆಯಲ್ಲಿ ತಪ್ಪಿಲ್ಲ.

ಮೊದಲು ಮುಳ್ಳಿನ ವಿಷಯ. ಪೀರಿಯಡೋಗ್ರಾಮ್‌ನ ಒಂದೊಂದು ಬಿನ್‌ನ, ಅಂದರೆ ಒಂದೊಂದು ಆವರ್ತನದ ಖಾನೆಯ, ಬೆಲೆ ಬರುವುದು ಎರಡೇ ಸಂಖ್ಯೆಗಳಿಂದ. ಒಂದು ಸೈನ್ ಭಾಗ, ಇನ್ನೊಂದು ಕೊಸೈನ್ ಭಾಗ. ಅವೆರಡರ ವರ್ಗ ಕೂಡಿಸಿದರೆ ಆಯಿತು. ಒಂದೇ ಮರದ ಗೊನೆ ನೋಡಿ ಇಡೀ ತೋಟದ ಫಸಲು ಹೇಳಿದ ಹಾಗೆ ಇದು. ಸಿಗ್ನಲ್ ಬರೀ ಗದ್ದಲವಾಗಿದ್ದರೆ ಆ ಬೆಲೆಯ ಏರಿಳಿತ ಅದರ ಸರಾಸರಿಯಷ್ಟೇ ದೊಡ್ಡದಾಗಿರುತ್ತದೆ. ಅಂದರೆ ನೂರಕ್ಕೆ ನೂರು.

ಜಾಸ್ತಿ ಹೊತ್ತು ಅಳೆದರೆ ಸರಿಹೋಗಬೇಕಲ್ವಾ ಎಂದು ಅನಿಸುತ್ತದೆ. ಸರಿಹೋಗುವುದಿಲ್ಲ. ಒಂದು ನಿಮಿಷದ 60,000 ಅಳತೆಗಳಿಂದ ಸುಮಾರು 30,000 ಬಿನ್ ಬರುತ್ತವೆ. ಹತ್ತು ನಿಮಿಷದಿಂದ 3 ಲಕ್ಷ. ನೀವು ಕೊಟ್ಟ ಹೊಸ ಅಳತೆಗಳೆಲ್ಲ ಹೊಸ ಬಿನ್‌ಗಳಿಗೇ ಹೋದವು. ಪ್ರತಿ ಬಿನ್‌ಗೆ ಸಿಕ್ಕಿದ್ದು ಮತ್ತೆ ಎರಡೇ ಸಂಖ್ಯೆ. ಒಂದು ಬಿನ್ ಸರಾಸರಿಯ 10 ಪಟ್ಟು ದಾಟುವ ಸಾಧ್ಯತೆ ಸುಮಾರು 22,000ಕ್ಕೆ ಒಂದು. ಹಾಗಾಗಿ ಒಂದು ನಿಮಿಷದ ಗ್ರಾಫಿನಲ್ಲಿ ಅಷ್ಟು ಎತ್ತರದ ಒಂದೆರಡು ಮುಳ್ಳು ಸುಮ್ನೆ ಏಳುವುದು ಸಹಜ. ಹತ್ತು ನಿಮಿಷದ್ದರಲ್ಲಿ ಹದಿಮೂರು, ಹದಿನಾಲ್ಕು ಇರಬಹುದು. ನಿಮ್ಮ 173 ಮತ್ತು 211 ಈ ಜಾತಿಯವೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಮುಖ್ಯವಾಗಿ 173ನ್ನು ನೋಡಿ ಬೇರಿಂಗ್ ಹೋಯಿತು ಎಂದು ಗಾಬರಿಯಾಗಬೇಡಿ. 6205 ನಂಬರಿನ ಬೇರಿಂಗ್‌ನ ಹೊರಗಿನ ರೇಸ್ ಕೆಟ್ಟರೆ ಶಾಫ್ಟ್ ವೇಗದ ಸುಮಾರು 3.58 ಪಟ್ಟಿನಲ್ಲಿ ಗೆರೆ ಬರುತ್ತದೆ, ಶಾಫ್ಟ್ 48 ಹರ್ಟ್ಜ್‌ನಲ್ಲಿ ತಿರುಗುವ ಮೋಟಾರಿಗೆ ಅದು 172ರ ಹತ್ತಿರವೇ ಬೀಳುತ್ತದೆ. ಆದರೆ ನಿಜವಾದ ಗೆರೆಯಾಗಿದ್ದರೆ ಎರಡನೇ ಸಲವೂ ಅಲ್ಲೇ ಇರಬೇಕಿತ್ತು.

ಇದಕ್ಕೆ ಪೀಟರ್ ವೆಲ್ಚ್ 1967ರಲ್ಲಿ ಹೇಳಿದ ದಾರಿ ಸರಳ. ಸಿಗ್ನಲ್ಲನ್ನು ತುಣುಕು ಮಾಡಿ, ಪ್ರತಿ ತುಣುಕಿನ ಅಂಚನ್ನು ವಿಂಡೋ ಹಾಕಿ ಮೆಲ್ಲಗೆ ಸೊನ್ನೆಗೆ ಇಳಿಸಿ, ಒಂದೊಂದರ ಪೀರಿಯಡೋಗ್ರಾಮ್ ತೆಗೆದು ಸರಾಸರಿ ಮಾಡುವುದು. ವಿಂಡೋ ಯಾಕೆಂದರೆ, ಸಿಗ್ನಲ್ಲನ್ನು ಚಕ್ಕನೆ ಕತ್ತರಿಸಿದರೆ ಬಲವಾದ ಗೆರೆಯ ಶಕ್ತಿ ದೂರದ ಬಿನ್‌ಗಳಿಗೂ ಸೋರುತ್ತದೆ. ಬರೀ ಪೀರಿಯಡೋಗ್ರಾಮ್‌ಗೂ ಈ ಕಾಟ ಇದೆ. ಹ್ಯಾನ್ ವಿಂಡೋ ಆ ಸೋರಿಕೆಯನ್ನು ಬಹಳ ತಗ್ಗಿಸುತ್ತದೆ. ಆದರೆ ಅಂಚಿನ ಅಳತೆಗಳು ಹೆಚ್ಚುಕಡಿಮೆ ವ್ಯರ್ಥವಾಗುತ್ತವೆ. ಆದ್ದರಿಂದಲೇ ತುಣುಕುಗಳನ್ನು ಒಂದರ ಮೇಲೊಂದು ಅರ್ಧದಷ್ಟು ಹೊದಿಸುತ್ತೇವೆ. ಒಂದರ ಅಂಚು ಮುಂದಿನದರ ನಡುವಾಗುತ್ತದೆ.

ಈಗ ನಿಮ್ಮ ಗುಡ್ಡೆ. ಏನೂ ಹೇಳದಿದ್ದರೆ `scipy`ಯ `welch` 256 ಅಳತೆಯ ತುಣುಕು ತೆಗೆದುಕೊಳ್ಳುತ್ತದೆ. ನಿಮಗದು ಕಾಲು ಸೆಕೆಂಡು. ಬಿನ್‌ಗಳ ನಡುವಿನ ಅಂತರ 3.9 ಹರ್ಟ್ಜ್. ಹ್ಯಾನ್ ವಿಂಡೋದಲ್ಲಿ ಒಂದು ಶುದ್ಧ ಗೆರೆ ಬುಡದಲ್ಲಿ ನಾಲ್ಕು ಬಿನ್ ಅಗಲವಾಗುತ್ತದೆ, ಅಂದರೆ ಸುಮಾರು 16 ಹರ್ಟ್ಜ್. ನಿಮ್ಮ ಗ್ರಾಫಿನಲ್ಲಿ 467 ತುಣುಕುಗಳ ಸರಾಸರಿ ಇದೆ, ಏರಿಳಿತ ಬರೀ ಶೇಕಡಾ 5. ವೇರಿಯನ್ಸ್ ತೀರ ಕಡಿಮೆ, ಬಯಾಸ್ ತೀರ ಜಾಸ್ತಿ. ಚೂಪಾದ ತುದಿಗಳು ತಗ್ಗುತ್ತವೆ, ನಡುವಿನ ತಗ್ಗು ತುಂಬುತ್ತದೆ. ಇಂಥ ತಪ್ಪು ಎಷ್ಟು ಸಲ ಅಳೆದರೂ ಹಾಗೆಯೇ ಬರುತ್ತದೆ. ನುಣುಪಾದ ಗ್ರಾಫ್ ನೋಡಿ ಮೋಸಹೋಗುವುದು ಇಲ್ಲೇ.

ನಿಮ್ಮ ಪಂಪಿಗೆ ಇದು ಸಣ್ಣ ವಿಷಯವಲ್ಲ. ಮೋಟಾರಿನ ಪ್ಲೇಟ್‌ನಲ್ಲಿ 2880 ಆರ್‌ಪಿಎಂ ಎಂದಿದ್ದರೆ ಶಾಫ್ಟ್ 48 ಹರ್ಟ್ಜ್‌ನಲ್ಲಿ ತಿರುಗುತ್ತದೆ. ಅದರ ಎರಡು ಪಟ್ಟು 96. ಅಲ್ಲಿ ಜೋರು ಗೆರೆ ಇದ್ದರೆ ಕಪ್ಲಿಂಗ್ ನೇರ ಇಲ್ಲದಿರುವುದೋ ಬುಡದ ಬೋಲ್ಟ್ ಸಡಿಲವಾಗಿರುವುದೋ ನೋಡಬೇಕು. ಕರೆಂಟಿನ 50 ಹರ್ಟ್ಜ್‌ನ ಎರಡು ಪಟ್ಟು 100. ಅದು ಕಾಂತ ಬಲದಿಂದ ಬರುವ ನಡುಕ, ಅಲ್ಲಿ ಜೋರಾಗಿದ್ದರೆ ಮೋಟಾರಿನ ವಿದ್ಯುತ್ ಭಾಗವನ್ನು ಸಂಶಯಿಸಬೇಕು. ಸ್ಪ್ಯಾನರ್ ಹಿಡಿಯುವವರನ್ನು ಕರೆಯುವುದೋ, ವೈಂಡಿಂಗ್ ಮಾಡುವವರನ್ನು ಕರೆಯುವುದೋ ಎಂಬುದು ಈ 4 ಹರ್ಟ್ಜ್ ಅಂತರದಲ್ಲಿದೆ. 16 ಹರ್ಟ್ಜ್ ಅಗಲದ ಗುಡ್ಡೆಯಲ್ಲಿ ಅದು ಕಾಣುವುದು ಹೇಗೆ?

ಹಾಗಾಗಿ ಮೊದಲು ಬೇಕಾದ ಅಂತರ ತೀರ್ಮಾನಿಸಿ, ಆಮೇಲೆ ತುಣುಕಿನ ಉದ್ದ. 48 ಮತ್ತು 50 ಕೂಡ ಬೇರೆಯಾಗಿ ಕಾಣಬೇಕು ಅಂದುಕೊಳ್ಳೋಣ. ಗೆರೆಯ ಬುಡ 2 ಹರ್ಟ್ಜ್ ಆಗಬೇಕಾದರೆ ಬಿನ್ ಅರ್ಧ ಹರ್ಟ್ಜ್ ಇರಬೇಕು. ಅದಕ್ಕೆ 2 ಸೆಕೆಂಡಿನ ತುಣುಕು, ಅಂದರೆ 2000 ಅಳತೆ. ಕೆಳಗಿನ `x` ನಿಮ್ಮ ಅಳತೆಗಳ ಸಾಲು.

```python
from scipy.signal import welch
f, P = welch(x, fs=1000, window='hann',
             nperseg=2000, noverlap=1000)
```

ಒಂದು ನಿಮಿಷದಲ್ಲಿ ಇಂಥ 59 ತುಣುಕು ಸಿಗುತ್ತವೆ. ಏರಿಳಿತ ಶೇಕಡಾ 13ರ ಸುಮಾರಿಗೆ ಇಳಿಯುತ್ತದೆ. ಹೊದಿಸದೆ ಬಿಟ್ಟಿದ್ದರೆ 30 ತುಣುಕು, ಶೇಕಡಾ 18. ಅರ್ಧದ ಬದಲು ಮುಕ್ಕಾಲು ಭಾಗ ಹೊದಿಸಿದರೆ ತುಣುಕು 117 ಆಗುತ್ತವೆ, ಆದರೆ ಏರಿಳಿತ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅವುಗಳಲ್ಲಿ ಹೆಚ್ಚಿನದು ಅದೇ ಅಳತೆ ಮತ್ತೆ ಬಂದದ್ದು. ಇನ್ನೂ ನುಣುಪು ಬೇಕಿದ್ದರೆ ತುಣುಕನ್ನು ಚಿಕ್ಕದು ಮಾಡಬೇಡಿ. ನಿಮ್ಮ ಹತ್ತು ನಿಮಿಷದ ರೆಕಾರ್ಡನ್ನು ಇದೇ 2000ದ ತುಣುಕಿನಲ್ಲಿ ಹಾಕಿ. 599 ತುಣುಕು, ಏರಿಳಿತ ಶೇಕಡಾ 4. ಆ ಹತ್ತು ನಿಮಿಷ ಈಗ ಉಪಯೋಗಕ್ಕೆ ಬಂತು.

ಆಮೇಲೆ ಎರಡು ಪರೀಕ್ಷೆ ಮಾಡಿ. ರೆಕಾರ್ಡಿನ ಮೊದಲ ಅರ್ಧ, ಎರಡನೇ ಅರ್ಧ ಬೇರೆಬೇರೆ ತೆಗೆಯಿರಿ. ಒಂದರಲ್ಲಿ ಮಾತ್ರ ಕಾಣುವ ತುದಿಯನ್ನು ಬಿಟ್ಟುಬಿಡಿ. ಮತ್ತೆ `nperseg` ಅನ್ನು 4000, `noverlap` ಅನ್ನು 2000 ಮಾಡಿ ನೋಡಿ. ಶುದ್ಧ ಗೆರೆಯಾಗಿದ್ದರೆ ಅದರ ಎತ್ತರ ಸುಮಾರು ಎರಡು ಪಟ್ಟಾಗುತ್ತದೆ, ಸುತ್ತಲಿನ ಗದ್ದಲ ಇದ್ದಲ್ಲೇ ಇರುತ್ತದೆ. ಎತ್ತರ ಬದಲಾಗದಿದ್ದರೆ ಅದು ಗೆರೆಯಲ್ಲ, ಪಂಪಿನ ಕಟ್ಟೆಯೋ ಪೈಪೋ ತನ್ನದೇ ಕಂಪನದಲ್ಲಿ ನಡುಗುವ ಅಗಲ ಗುಡ್ಡೆ.

ತುಣುಕನ್ನು ಇನ್ನೂ ಉದ್ದ, 20 ಸೆಕೆಂಡು ಮಾಡಿದರೆ? ವೇಗ ಅಲುಗದಿದ್ದರೆ ಗೆರೆ ಇನ್ನೂ ಚೂಪಾಗುತ್ತದೆ. ಅಲುಗದ ಶುದ್ಧ ಗೆರೆ ಹುಡುಕಲು ಬರೀ ಪೀರಿಯಡೋಗ್ರಾಮ್ ಕೂಡ ಒಳ್ಳೆಯದೇ. ಆದರೆ ತೋಟದ ಮೋಟಾರು ಹಾಗೆ ನಿಲ್ಲುವುದಿಲ್ಲ. ಬೇಸಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕಿ ವೋಲ್ಟೇಜ್ ಇಳಿದರೆ ಸ್ಲಿಪ್ ಹೆಚ್ಚಿ ಶಾಫ್ಟ್ ನಿಧಾನವಾಗುತ್ತದೆ. 48ರ ಗೆರೆ ಜರುಗಿದಷ್ಟು ಹರಡುತ್ತದೆ, 96ರದ್ದು ಅದರ ಎರಡು ಪಟ್ಟು. 100ರದ್ದು ಕರೆಂಟಿಗೆ ಕಟ್ಟಿಕೊಂಡದ್ದರಿಂದ ಹಾಗೆ ಜರುಗುವುದಿಲ್ಲ. ವೋಲ್ಟೇಜ್ ಚೆನ್ನಾಗಿರುವಾಗ ಒಂದು ಸಲ, ಇಳಿದಾಗ ಒಂದು ಸಲ ಅಳೆಯಿರಿ. ಎರಡನೇ ಸಲ ಕೆಳಗೆ ಜರುಗಿದ್ದು ಶಾಫ್ಟಿನದು, ಇದ್ದಲ್ಲೇ ನಿಂತದ್ದು ಕರೆಂಟಿನದು.